ಸ್ವಸಹಾಯ ಸಂಘದ ವರ್ಷಾಂತ್ಯದ ಬಡ್ಡಿ ಲೆಕ್ಕ

ಸ್ವಸಹಾಯ ಸಂಘದ ಉಳಿತಾಯ ಮತ್ತು ಸಾಲದ ವಹಿಯಿಂದ ವರ್ಷದ ಕೊನೆಗೆ ಪ್ರತಿ ಸದಸ್ಯೆಗೆ ಸಲ್ಲಬೇಕಾದ ಬಡ್ಡಿಯನ್ನು ಗೊತ್ತುಮಾಡುವ ಕ್ರಮ. ಇದನ್ನು ಕೆಲವು ಸಂಘಗಳಲ್ಲಿ ಲಾಭಾಂಶ ಎನ್ನುತ್ತಾರೆ, ಕೆಲವು ಕಡೆ ಉಳಿತಾಯದ ಬಡ್ಡಿ ಎನ್ನುತ್ತಾರೆ. ಯಾವ ಹೆಸರಿನಿಂದ ಕರೆದರೂ ಕೆಲಸ ಒಂದೇ. ಸದಸ್ಯೆಯರು ಕೂಡಿಹಾಕಿದ ಹಣ ಅವರವರಲ್ಲೇ ಸಾಲವಾಗಿ ತಿರುಗಿ, ಅದರಿಂದ ಬಂದ ಬಡ್ಡಿಯಲ್ಲಿ ಖರ್ಚು ಕಳೆದು ಉಳಿದದ್ದನ್ನು ಯಾರ ಹಣ ಎಷ್ಟು ದಿನ ದುಡಿಯಿತೋ ಅದರಂತೆ ಹಂಚುವುದು. ಈ ಲೇಖನದಲ್ಲಿ ವಿಜಯಪುರ ನಗರ ಮತ್ತು ಅದರ ಪಶ್ಚಿಮ, ದಕ್ಷಿಣಕ್ಕಿರುವ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಆದಾಯದ ಋತುಮಾನವನ್ನು ಕಣ್ಣಮುಂದಿಟ್ಟುಕೊಂಡು ಆ ಲೆಕ್ಕವನ್ನು ವಿವರಿಸಲಾಗಿದೆ.

ಹಿನ್ನೆಲೆ ಚಿಕ್ಕದು. 1980ರ ದಶಕದಲ್ಲಿ ಕರ್ನಾಟಕದ ಮೈರಾಡ ಸಂಸ್ಥೆ ಇಂಥ ಸಣ್ಣ ಗುಂಪುಗಳನ್ನು ಕಟ್ಟಿತು. ನಬಾರ್ಡ್ 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಆರಂಭಿಸಿತು. ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂತು, ಆಮೇಲೆ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದ ರಾಜ್ಯ ರೂಪವಾಗಿ ಸಂಜೀವಿನಿ ಬಂತು. ಯೋಜನೆಗಳು ಬದಲಾದಂತೆ ಪುಸ್ತಕಗಳ ನಮೂನೆಯೂ ಬದಲಾಯಿತು. ಆದರೆ ಹಣವನ್ನು ಕಾಲದಿಂದ ಗುಣಿಸಿ ಬಡ್ಡಿ ತೆಗೆಯುವ ರೀತಿ ಈ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿಯೇ ಬಡ್ಡಿ ಮತ್ತು ಪಾಲು ಹಂಚಿಕೆಯ ಲೆಕ್ಕಗಳಿವೆ.

ವಹಿಯ ಪುಟ

ಸಂಘದಲ್ಲಿ ಸಾಮಾನ್ಯವಾಗಿ ನಡಾವಳಿ ಪುಸ್ತಕ, ನಗದು ಪುಸ್ತಕ, ಸದಸ್ಯರ ಉಳಿತಾಯ-ಸಾಲದ ವಹಿ, ಪ್ರತಿ ಸದಸ್ಯೆಯ ಪಾಸ್‌ಬುಕ್ ಇರುತ್ತವೆ. ವರ್ಷಾಂತ್ಯದ ಲೆಕ್ಕಕ್ಕೆ ಮುಖ್ಯವಾದದ್ದು ಮೂರನೆಯದು. ಅದರಲ್ಲಿ ಒಬ್ಬ ಸದಸ್ಯೆಗೆ ಒಂದು ಪುಟ. ಎಡಗಡೆ ಉಳಿತಾಯ: ಸಭೆಯ ತಾರೀಖು, ಈ ಸಲ ಕಟ್ಟಿದ್ದು, ಹಿಂತೆಗೆದದ್ದು, ಶಿಲ್ಕು. ಬಲಗಡೆ ಸಾಲ: ಕೊಟ್ಟ ಮೊತ್ತ, ಅಸಲಿಗೆ ಬಂದದ್ದು, ಬಡ್ಡಿಗೆ ಬಂದದ್ದು, ದಂಡ, ಉಳಿದ ಸಾಲ. ಎಡಗಡೆಯಿಂದ ಸದಸ್ಯೆಯ ಪಾಲಿನ ಪ್ರಮಾಣ ಸಿಗುತ್ತದೆ, ಬಲಗಡೆಯಿಂದ ಹಂಚಬೇಕಾದ ಹಣ ಸಿಗುತ್ತದೆ. ಈ ಎರಡನ್ನೂ ಬೇರೆಬೇರೆಯಾಗಿ ಮುಗಿಸಿ ಆಮೇಲೆ ಕೂಡಿಸಬೇಕು. ಒಬ್ಬಳು ಕಟ್ಟಿದ ಸಾಲದ ಬಡ್ಡಿಯನ್ನು ಅವಳ ಉಳಿತಾಯದ ಬಡ್ಡಿಯಲ್ಲಿ ನೇರವಾಗಿ ವಜಾ ಮಾಡಲು ಹೊರಟರೆ ಲೆಕ್ಕ ಕೆಡುವುದು ಖಂಡಿತ.

ಲೆಕ್ಕದ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಯುಗಾದಿ ಅದರ ಆಚೀಚೆಗೇ ಬರುವುದರಿಂದ ಹಬ್ಬಕ್ಕೆ ಹಣ ಕೈಗೆ ಬರಲೆಂಬ ಒತ್ತಾಯವೂ ಅದೇ ಹೊತ್ತಿಗೆ ಇರುತ್ತದೆ. ಇದರ ಜೊತೆಗೆ ಈ ಭಾಗದ ಇನ್ನೊಂದು ಸಂಗತಿ ಲೆಕ್ಕವನ್ನು ತಟ್ಟುತ್ತದೆ. ತಿಕೋಟಾ, ಬಬಲೇಶ್ವರದ ಸುತ್ತ ದ್ರಾಕ್ಷಿ ತೋಟಗಳು ಹೆಚ್ಚು. ಅಕ್ಟೋಬರಿನ ಚಾಟ್ನಿಯ ಹೊತ್ತಿಗೆ ಸಾಲ ಬೇಕಾಗುತ್ತದೆ, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹಣ್ಣು ಕೊಯ್ದು ಶೆಡ್ಡಿನಲ್ಲಿ ಒಣದ್ರಾಕ್ಷಿ ಮಾಡುವಾಗ ಕೂಲಿ ಸಿಗುತ್ತದೆ. ಹಾಗಾಗಿ ವರ್ಷವಿಡೀ ನೂರಿನ್ನೂರು ಕಟ್ಟಿದವಳೂ, ಮಾರ್ಚಿನಲ್ಲಿ ಒಮ್ಮೆಗೇ ಸಾವಿರಕ್ಕೂ ಮೀರಿ ಕಟ್ಟಿದವಳೂ ವರ್ಷದ ಕೊನೆಗೆ ಒಂದೇ ಶಿಲ್ಕಿಗೆ ಬಂದು ನಿಲ್ಲುತ್ತಾರೆ. ಆಗ ಕೇವಲ ಕೊನೆಯ ಶಿಲ್ಕು ನೋಡಿ ಹಂಚಿದರೆ ಮೊದಲನೆಯವಳಿಗೆ ಅನ್ಯಾಯ. ಈ ಸೀಮೆಯಲ್ಲಿ ತಿಂಗಳ ಶಿಲ್ಕಿನ ಲೆಕ್ಕವನ್ನೇ ಹಿಡಿಯಬೇಕು ಎನ್ನುವುದಕ್ಕೆ ಮುಖ್ಯ ಕಾರಣ ಇದೇ.

ಹಂಚಬೇಕಾದ ಹಣ

ಮೊದಲು ಬಲಗಡೆಯ ಕೆಲಸ. ವರ್ಷದಲ್ಲಿ ನಿಜವಾಗಿ ಕೈಗೆ ಬಂದ ಬಡ್ಡಿಯನ್ನು ಎಲ್ಲ ಪುಟಗಳಿಂದ ಕೂಡಿಸಬೇಕು. ಬರಬೇಕಾದದ್ದು ಬೇರೆ, ಬಂದದ್ದು ಬೇರೆ. 5,800 ರೂಪಾಯಿ ಸಾಲ ಉಳಿಸಿಕೊಂಡವಳು ಐದು ತಿಂಗಳು ಏನೂ ಕಟ್ಟದಿದ್ದರೆ, ತಿಂಗಳಿಗೆ ನೂರಕ್ಕೆ ಎರಡರಂತೆ 580 ರೂಪಾಯಿ ಬಡ್ಡಿ ಕಾಗದದ ಮೇಲೆ ಬೆಳೆದಿರುತ್ತದೆ. ಅದನ್ನು ಆದಾಯವೆಂದು ಹಿಡಿದು ಹಂಚಿದರೆ ಆ 580 ರೂಪಾಯಿ ಬರುವುದು ಉಳಿದವರ ಉಳಿತಾಯದಿಂದ. ಸಂಘಗಳು ಒಳಗೊಳಗೇ ಬರಿದಾಗುವುದು ಬಹುಮಟ್ಟಿಗೆ ಹೀಗೆಯೇ. ವಹಿಯಲ್ಲಿ ಲಾಭ ಕಾಣುತ್ತಿರುತ್ತದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಹಣ ಇರುವುದಿಲ್ಲ.

ಬಂದ ಬಡ್ಡಿ ಸರಿಯಾಗಿ ಬರೆದಿದೆಯೇ ಎಂದು ನೋಡುವುದೂ ಇಲ್ಲಿಯೇ. 10,000 ರೂಪಾಯಿ ಸಾಲವನ್ನು ತಿಂಗಳಿಗೆ ಸಾವಿರದಂತೆ ಹತ್ತು ಕಂತಿನಲ್ಲಿ ತೀರಿಸಿದರೆ, ಉಳಿದ ಸಾಲದ ಮೇಲಿನ ಬಡ್ಡಿ ಮೊದಲ ತಿಂಗಳು 200, ಮುಂದಿನ ತಿಂಗಳು 180, ಹೀಗೆ ಇಳಿಯುತ್ತ ಕೊನೆಗೆ 20. ಒಟ್ಟು 1,100 ರೂಪಾಯಿ. ಬರೆಯುವಾಕೆ ಮೊದಲ ತಿಂಗಳ 200ನ್ನೇ ಹತ್ತು ಸಲ ಬರೆದರೆ ಅದು 2,000 ಆಗುತ್ತದೆ. ಸಾಲ ಪಡೆದವಳಿಂದ 900 ರೂಪಾಯಿ ಹೆಚ್ಚು ವಸೂಲಾಗಿ, ಅದೇ ಎಲ್ಲರ ಲಾಭವಾಗಿ ಹಂಚಿಹೋಗುತ್ತದೆ. ಬಡ್ಡಿಯ ಕಾಲಂನಲ್ಲಿ ಒಂದೇ ಅಂಕಿ ಕೆಳಗಿನವರೆಗೂ ಇಳಿದು ಬಂದಿದ್ದರೆ ಆ ಪುಟದಲ್ಲಿ ತಪ್ಪಿದೆ ಎಂದು ತಿಳಿಯಬೇಕು. ಇದರ ತಿರುಗುಮುರುಗು ತಪ್ಪೂ ಉಂಟು. ಒಂದು ತಿಂಗಳು ತಪ್ಪಿಸಿ ಬಂದವಳು ಕೊಟ್ಟ ಹಣವನ್ನೆಲ್ಲ ಅಸಲಿಗೇ ಬರೆದುಬಿಡುತ್ತಾರೆ. ಬಂದ ಹಣದಲ್ಲಿ ಮೊದಲು ಬಾಕಿ ಬಡ್ಡಿ ಮುರಿದುಕೊಂಡು ಉಳಿದದ್ದು ಅಸಲಿಗೆ ಎಂಬುದು ಸಂಘದ ನಡಾವಳಿಯಲ್ಲಿ ಬರೆದಿರಬೇಕು.

ಈಗ ಒಂದು ಲೆಕ್ಕ ಮಾಡಿ ನೋಡೋಣ. ವಿವರಣೆಗಾಗಿ ಕಟ್ಟಿದ, ತಿಕೋಟಾ ಕಡೆಯ 12 ಜನರ ಸಂಘ ಎಂದುಕೊಳ್ಳಿ. ಪ್ರತಿ ತಿಂಗಳ 5ರಂದು ಸಭೆ, ಸಾಲಕ್ಕೆ ನೂರಕ್ಕೆ ಎರಡು. ವರ್ಷದಲ್ಲಿ ಸದಸ್ಯೆಯರಿಂದ ಬಂದ ಬಡ್ಡಿ 22,900 ರೂಪಾಯಿ, ದಂಡ 350, ಬ್ಯಾಂಕಿನ ಉಳಿತಾಯ ಖಾತೆಗೆ ಬಂದ ಬಡ್ಡಿ 420. ಒಟ್ಟು 23,670. ಬ್ಯಾಂಕ್ ಸಾಲದ ಮೇಲೆ ಸಂಘ ಕಟ್ಟಿದ ಬಡ್ಡಿ 2,100, ಪುಸ್ತಕ, ಓಡಾಟ, ಲೆಕ್ಕ ತಪಾಸಣೆಯ ಖರ್ಚು 1,170. ಎರಡೂ ಕಳೆದರೆ ಉಳಿಕೆ 20,400.

ಇದೆಲ್ಲವನ್ನೂ ಹಂಚುವಂತಿಲ್ಲ. ಮೇಲೆ ಹೇಳಿದ 5,800ರ ಸಾಲ ಕಟಬಾಕಿಯಾಗಿದೆ. ಅದರ ಅರ್ಧ, 2,900 ರೂಪಾಯಿಯನ್ನು ಆ ನಷ್ಟದ ಭಯಕ್ಕೆ ತೆಗೆದಿಡಲು ಸಭೆ ಠರಾವು ಮಾಡಿತು. ಇನ್ನು 3,100 ರೂಪಾಯಿ ಸಂಘದ ಸ್ವಂತ ನಿಧಿಗೆ. ಈ ನಿಧಿಗೆ ತೆಗೆದಿಡುವುದಕ್ಕೆ ಒಂದು ನ್ಯಾಯವೂ ಇದೆ. ಸಂಘದ ಬಳಿ ಯೋಜನೆಯಿಂದ ಬಂದ ಸುತ್ತುನಿಧಿ ಸೇರಿ 10,000 ರೂಪಾಯಿ ಇತ್ತು. ಅದೂ ಸಾಲವಾಗಿ ತಿರುಗಿ ಬಡ್ಡಿ ದುಡಿದಿದೆ. ಅದು ಯಾವೊಬ್ಬ ಸದಸ್ಯೆಯ ಹಣವೂ ಅಲ್ಲ, ಆದ್ದರಿಂದ ಅದರ ದುಡಿಮೆ ಸಂಘಕ್ಕೇ ಉಳಿಯಬೇಕು. ಹೀಗೆ ಹಂಚಿಕೆಗೆ ಉಳಿದದ್ದು 14,400 ರೂಪಾಯಿ.

ಯಾರ ಹಣ, ಎಷ್ಟು ತಿಂಗಳು

ಈಗ ಎಡಗಡೆಯ ಕೆಲಸ. ಒಂದು ರೂಪಾಯಿ ಸಂಘದಲ್ಲಿ ಒಂದು ತಿಂಗಳು ಇದ್ದರೆ ಅದನ್ನು ಒಂದು ರೂಪಾಯಿ-ತಿಂಗಳು ಎನ್ನೋಣ. ಬ್ಯಾಂಕಿನವರು ಇದನ್ನೇ ಗುಣಲಬ್ಧ ಎನ್ನುತ್ತಾರೆ. ಪ್ರತಿ ಸದಸ್ಯೆಯ ರೂಪಾಯಿ-ತಿಂಗಳು ಎಷ್ಟೆಂದು ತೆಗೆದು ಆ ಪ್ರಮಾಣದಲ್ಲಿ 14,400ನ್ನು ಹಂಚಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ, ಹೆಚ್ಚಿನ ಸಂಘಗಳು ಇದನ್ನು ಗಮನಿಸುವುದಿಲ್ಲ. ಏಪ್ರಿಲ್ 5ರ ಸಭೆಯಲ್ಲಿ ಕಟ್ಟಿದ ಹಣ ಅಂದೇ ಸಾಲವಾಗಿ ಹೋದರೆ ಅದರ ಮೊದಲ ಬಡ್ಡಿ ಬರುವುದು ಮೇ 5ರಂದು, ವರ್ಷದೊಳಗಿನ ಕೊನೆಯ ಬಡ್ಡಿ ಮಾರ್ಚ್ 5ರಂದು. ಎಣಿಸಿದರೆ ಹನ್ನೊಂದೇ ಸಲ. ಮಾರ್ಚ್ 5ರಂದು ಕಟ್ಟಿದ ಹಣ ಆ ವರ್ಷ ಒಂದು ಪೈಸೆಯನ್ನೂ ದುಡಿದಿರುವುದಿಲ್ಲ, ಅದರ ಬಡ್ಡಿ ಮುಂದಿನ ವರ್ಷದ ಪಾಲು. ವರ್ಷದ ಆರಂಭದಲ್ಲೇ ಇದ್ದ ಶಿಲ್ಕು ಮಾತ್ರ ಹನ್ನೆರಡು ಸಲ ದುಡಿದಿದೆ. ಆದ್ದರಿಂದ ಪ್ರತಿ ಸಭೆಯಲ್ಲಿ ಹಣ ಕಟ್ಟುವ ಮುನ್ನ ಇದ್ದ ಶಿಲ್ಕನ್ನು ಹಿಡಿಯಬೇಕು, ಕಟ್ಟಿದ ಮೇಲಿನದನ್ನಲ್ಲ. ಆ ಹನ್ನೆರಡು ಶಿಲ್ಕುಗಳ ಮೊತ್ತವೇ ಸದಸ್ಯೆಯ ರೂಪಾಯಿ-ತಿಂಗಳು.

ನಮ್ಮ ಸಂಘದಲ್ಲಿ ಒಂಬತ್ತು ಜನ ಒಂದೇ ಬಗೆಯವರು. ವರ್ಷದ ಆರಂಭಕ್ಕೆ ಅವರ ಶಿಲ್ಕು 6,000, ತಿಂಗಳಿಗೆ 200ರಂತೆ ತಪ್ಪದೆ ಕಟ್ಟಿದರು. 6,000ವನ್ನು 12ರಿಂದ ಗುಣಿಸಿದರೆ 72,000. ತಿಂಗಳ 200ರೂಪಾಯಿ ಏಪ್ರಿಲ್‌ನದು 11 ತಿಂಗಳು, ಮೇ ತಿಂಗಳದು 10, ಹೀಗೆ ಮಾರ್ಚಿನದು ಸೊನ್ನೆ. ಈ ತಿಂಗಳುಗಳ ಮೊತ್ತ 66, ಅಂದರೆ 13,200. ಒಬ್ಬೊಬ್ಬರಿಗೆ ಒಟ್ಟು 85,200.

ಹತ್ತನೆಯವಳದೂ ಆರಂಭದ ಶಿಲ್ಕು 6,000. ಅವಳು ಫೆಬ್ರುವರಿವರೆಗೆ ತಿಂಗಳಿಗೆ ನೂರರಂತೆ ಕಟ್ಟಿ, ದ್ರಾಕ್ಷಿ ಕೊಯ್ಲಿನ ಕೂಲಿ ಬಂದಾಗ ಮಾರ್ಚಿನಲ್ಲಿ 1,300 ಕಟ್ಟಿದಳು. ವರ್ಷಕ್ಕೆ ಕಟ್ಟಿದ್ದು ಅವಳೂ 2,400, ಕೊನೆಯ ಶಿಲ್ಕು ಅವಳದೂ 8,400. ಆದರೆ ರೂಪಾಯಿ-ತಿಂಗಳು 72,000ಕ್ಕೆ 6,600 ಸೇರಿ 78,600 ಮಾತ್ರ. ಹನ್ನೊಂದನೆಯವಳು ತಿಂಗಳಿಗೆ 200ರಂತೆ ಕಟ್ಟಿದರೂ ಸೆಪ್ಟೆಂಬರ್ ಸಭೆಯಲ್ಲಿ 4,000 ಹಿಂತೆಗೆದಳು. ಆ ಹಣ ಆರು ತಿಂಗಳು ಸಂಘದಲ್ಲಿ ಇರಲಿಲ್ಲ, 24,000 ಕಳೆದು 61,200 ಉಳಿಯುತ್ತದೆ. ಹನ್ನೆರಡನೆಯವಳು ಅಕ್ಟೋಬರಿನಲ್ಲಿ ಹೊಸದಾಗಿ ಸೇರಿ ತಿಂಗಳಿಗೆ 200 ಕಟ್ಟಿದಳು. ಅವಳದು ಐದು, ನಾಲ್ಕು, ಮೂರು, ಎರಡು, ಒಂದು, ಸೊನ್ನೆ, ಹೀಗೆ 15 ತಿಂಗಳು, ಅಂದರೆ 3,000.

ಹನ್ನೆರಡೂ ಜನರದು ಕೂಡಿದರೆ 9,09,600 ರೂಪಾಯಿ-ತಿಂಗಳು. 14,400ನ್ನು ಇದರಿಂದ ಭಾಗಿಸಿದರೆ ತಿಂಗಳಿಗೆ ನೂರಕ್ಕೆ 1.583 ರೂಪಾಯಿ ಬೀಳುತ್ತದೆ, ವರ್ಷಕ್ಕೆ ಸುಮಾರು 19. ಸಾಲಗಾರರು ಕೊಟ್ಟದ್ದು ವರ್ಷಕ್ಕೆ 24ರ ದರ. ನಡುವಿನ ಅಂತರ ಖರ್ಚು, ಕಟಬಾಕಿ, ಸಂಘದ ನಿಧಿ ಮತ್ತು ಬ್ಯಾಂಕಿನಲ್ಲಿ ಸುಮ್ಮನೆ ಕುಳಿತಿದ್ದ ಹಣಕ್ಕೆ ಹೋಯಿತು. ಈ ದರ ಸಾಲದ ದರಕ್ಕಿಂತ ಹೆಚ್ಚು ಬಂದರೆ ಎಲ್ಲೋ ತಪ್ಪಿದೆ ಎನ್ನಬಹುದು. ಬ್ಯಾಂಕಿನಿಂದ ಕಡಿಮೆ ಬಡ್ಡಿಗೆ ದೊಡ್ಡ ಸಾಲ ತಂದು ತಿರುಗಿಸಿದ ಸಂಘದಲ್ಲಿ ಮಾತ್ರ ಅದು ನಿಜವಾಗಿಯೂ ಹೆಚ್ಚಿರಬಹುದು.

ಇದೇ 14,400ನ್ನು ರೂಢಿಯಲ್ಲಿರುವ ಮೂರು ರೀತಿಯಲ್ಲಿ ಹಂಚಿದರೆ ಹೀಗಾಗುತ್ತದೆ, ಪೈಸೆ ಬಿಟ್ಟು:

| ಸದಸ್ಯೆ | ರೂಪಾಯಿ-ತಿಂಗಳಿನಂತೆ | ಕೊನೆಯ ಶಿಲ್ಕಿನಂತೆ | ಸಮಪಾಲು |
|---|---|---|---|
| ತಿಂಗಳು ತಪ್ಪದೆ ಕಟ್ಟಿದವಳು | 1,348 | 1,350 | 1,200 |
| ಮಾರ್ಚಿನಲ್ಲಿ ಹೆಚ್ಚು ಕಟ್ಟಿದವಳು | 1,244 | 1,350 | 1,200 |
| ನಡುವೆ ಹಿಂತೆಗೆದವಳು | 968 | 707 | 1,200 |
| ಅಕ್ಟೋಬರಿನಲ್ಲಿ ಸೇರಿದವಳು | 47 | 192 | 1,200 |

ಬಹುಪಾಲು ಜನರಿಗೆ ಮೊದಲೆರಡು ರೀತಿಯಲ್ಲಿ ವ್ಯತ್ಯಾಸ ಎರಡು ರೂಪಾಯಿ. ಅದಕ್ಕೇ ತಪ್ಪು ರೀತಿ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ನಡೆದುಬಿಡುತ್ತದೆ. ಪೆಟ್ಟು ಬೀಳುವುದು ನಡುವೆ ಕಷ್ಟ ಬಂದು ಹಣ ತೆಗೆದವಳಿಗೆ. ಆರು ತಿಂಗಳು ಅವಳ ಪೂರ್ತಿ ಹಣ ದುಡಿದರೂ ಕೊನೆಯ ಶಿಲ್ಕಿನ ಲೆಕ್ಕ ಅದನ್ನು ಕಾಣುವುದೇ ಇಲ್ಲ, 261 ರೂಪಾಯಿ ಕಳೆದುಕೊಳ್ಳುತ್ತಾಳೆ. ಆದರೆ ಸಭೆಯಲ್ಲಿ ದನಿ ಏಳುವುದು ಹೆಚ್ಚಾಗಿ ಮಾರ್ಚಿನಲ್ಲಿ ಕಟ್ಟಿದವಳದು. “ಅಕ್ಕಾರ, ಆಕಿದೂ ಎಂಟ ಸಾವಿರದ ನಾಕನೂರ, ನಂದೂ ಎಂಟ ಸಾವಿರದ ನಾಕನೂರ. ನನಗ ಯಾಕ ಕಡಿಮಿ?” ಎಂದು ಕೇಳಿದರೆ ಪುಟ ತೆರೆದು ತೋರಿಸುವುದೇ ಉತ್ತರ: “ನಿನ್ನ ರೊಕ್ಕ ಮಾರ್ಚದಾಗ ಬಂದೈತಿ. ಆಕಿ ರೊಕ್ಕ ವರ್ಷಪೂರ್ತಿ ದುಡದೈತಿ.” ಸಮಪಾಲಿನ ರೀತಿ ಎಲ್ಲರೂ ಒಂದೇ ದಿನ ಸೇರಿ ಒಂದೇ ಮೊತ್ತ ಕಟ್ಟುವ ಸಂಘದಲ್ಲಿ ಮಾತ್ರ ಸರಿ. ಅಲ್ಲಿ ಬೇರೆ ಲೆಕ್ಕದ ತಾಪತ್ರಯವೇ ಬೇಕಿಲ್ಲ.

ಪೈಸೆ ಬಿಟ್ಟಾಗ ಒಟ್ಟು ಹಂಚಿಕೆ 14,391 ರೂಪಾಯಿಗೆ ಬರುತ್ತದೆ. ಉಳಿದ ಒಂಬತ್ತು ರೂಪಾಯಿಯನ್ನು ಸಂಘದ ನಿಧಿಗೆ ಜಮಾ ಮಾಡಿ ನಡಾವಳಿಯಲ್ಲಿ ಕಾಣಿಸಬೇಕು. ಮೇಲಕ್ಕೆ ಪೂರ್ತಿ ಮಾಡಿದರೆ ಇದ್ದದ್ದಕ್ಕಿಂತ ಹೆಚ್ಚು ಹಂಚಿದಂತಾಗುತ್ತದೆ, ಆದ್ದರಿಂದ ಯಾವಾಗಲೂ ಕೆಳಕ್ಕೇ.

ಕಂಪ್ಯೂಟರಿನ ಹಾಳೆಯಲ್ಲಿ ಮಾಡುವವರು C ಯಿಂದ N ವರೆಗಿನ ಹನ್ನೆರಡು ಕಾಲಂಗಳಲ್ಲಿ ಸಭೆಗೆ ಮುನ್ನದ ಶಿಲ್ಕುಗಳನ್ನು ಬರೆದು, P ಕಾಲಂನಲ್ಲಿ ಮೊತ್ತ, Q ಕಾಲಂನಲ್ಲಿ ಪಾಲು ತೆಗೆಯಬಹುದು. ಹಂಚುವ ಹಣ R1ರಲ್ಲಿ, ಹನ್ನೆರಡು ಸದಸ್ಯೆಯರ ಒಟ್ಟು P14ರಲ್ಲಿ ಇರಲಿ:

```
P2:  =SUM(C2:N2)
P14: =SUM(P2:P13)
Q2:  =ROUNDDOWN($R$1*P2/$P$14,0)
```

ಸಭೆ ನಡೆಯದ ತಿಂಗಳು

ಹೆಚ್ಚಾಗಿ ಆಗುವ ತಪ್ಪು ಗುಣಾಕಾರದ್ದಲ್ಲ, ಬಿಟ್ಟುಹೋದ ಸಾಲಿನದು. ಹಬ್ಬವೋ ಜಾತ್ರೆಯೋ ಸಾವೋ ಬಂದು ಒಂದು ತಿಂಗಳು ಸಭೆ ನಡೆಯದಿದ್ದರೆ ವಹಿಯಲ್ಲಿ ಆ ತಿಂಗಳ ಸಾಲೇ ಇರುವುದಿಲ್ಲ. ಕೂಡಿಸುವಾಕೆ ಇದ್ದ ಹನ್ನೊಂದು ಸಾಲು ಕೂಡಿಸಿ ಮುಗಿಸುತ್ತಾಳೆ. ಎಲ್ಲರ ಪುಟದಲ್ಲೂ ಅದೇ ತಿಂಗಳು ಬಿಟ್ಟಿದ್ದರೆ ಹಾನಿ ಅಷ್ಟಿಲ್ಲ. ಒಬ್ಬಳು ಗೈರುಹಾಜರಾಗಿ ಅವಳ ಪುಟದಲ್ಲಿ ಮಾತ್ರ ಆ ಸಾಲು ಇಲ್ಲದಿದ್ದರೆ, ಹಣ ಕಟ್ಟದಿದ್ದ ತಪ್ಪಿಗೆ ಅವಳ ಹಳೆಯ ಆರೇಳು ಸಾವಿರದ ಒಂದು ತಿಂಗಳ ಬಡ್ಡಿಯೇ ಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಅದು ನೂರು ರೂಪಾಯಿಯ ಆಸುಪಾಸು. ಕಟ್ಟದ ತಿಂಗಳಿಗೂ ತಾರೀಖು ಹಾಕಿ, ಸೊನ್ನೆ ಬರೆದು, ಹಿಂದಿನ ಶಿಲ್ಕನ್ನು ಕೆಳಗೆ ಇಳಿಸುವುದೊಂದೇ ಇದಕ್ಕೆ ಮದ್ದು.

ವಿಜಯಪುರ ನಗರದ ಸಂಘಗಳಲ್ಲಿಯೂ ಸಂಜೀವಿನಿಯ ಸಂಘಗಳಲ್ಲಿಯೂ ವಾರದ ಸಭೆ ಇರುವುದುಂಟು. ತರಕಾರಿ ಮಾರುವವರಿಗೆ, ಹೊಲಿಗೆಯವರಿಗೆ ವಾರಕ್ಕೆ ಐವತ್ತು ಕಟ್ಟುವುದು ತಿಂಗಳಿಗೆ ಇನ್ನೂರು ಕಟ್ಟುವುದಕ್ಕಿಂತ ಸುಲಭ. ಅಲ್ಲಿಯೂ ಕ್ರಮ ಇದೇ, ಹನ್ನೆರಡು ಶಿಲ್ಕಿನ ಬದಲು ಐವತ್ತೆರಡು. ಸಾಲದ ಬಡ್ಡಿ ತಿಂಗಳಿಗೊಮ್ಮೆ ಬರುತ್ತಿದ್ದರೆ ತಿಂಗಳ ಮೊದಲ ಸಭೆಯ ಶಿಲ್ಕನ್ನಷ್ಟೇ ಹಿಡಿದರೂ ಹೆಚ್ಚು ವ್ಯತ್ಯಾಸವಾಗದು. ಬ್ಯಾಂಕುಗಳೇ 2010ರ ಮಾರ್ಚ್‌ವರೆಗೆ ಉಳಿತಾಯ ಖಾತೆಗೆ ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗಿನ ಕನಿಷ್ಠ ಶಿಲ್ಕಿನ ಮೇಲೆ ಬಡ್ಡಿ ಕೊಡುತ್ತಿದ್ದವು. ಆ ವರ್ಷ ಏಪ್ರಿಲ್ 1ರಿಂದ ಪ್ರತಿದಿನದ ಶಿಲ್ಕಿನ ಮೇಲೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆ ಜಾರಿಗೆ ಬಂತು. ಕೈಬರಹದ ವಹಿಯಿಂದ ದಿನದ ಲೆಕ್ಕವನ್ನು ನಿರೀಕ್ಷಿಸುವುದು ಅತಿಯಾಯಿತು.

ತಾಳೆ

ಹಂಚುವ ಮೊದಲು ಮಾರ್ಚ್ 31ಕ್ಕೆ ಒಂದು ತಾಳೆ ನೋಡಬೇಕು. ಸಂಘ ಕೊಡಬೇಕಾದದ್ದು ಒಂದು ಕಡೆ: ಸದಸ್ಯೆಯರ ಉಳಿತಾಯ 89,600, ಹಳೆಯ ನಿಧಿ 10,000, ಬ್ಯಾಂಕ್ ಸಾಲದ ಬಾಕಿ 18,000, ಈ ವರ್ಷದ ಉಳಿಕೆ 20,400. ಒಟ್ಟು 1,38,000. ಸಂಘದ ಬಳಿ ಇರುವುದು ಇನ್ನೊಂದು ಕಡೆ: ಸದಸ್ಯೆಯರಲ್ಲಿರುವ ಸಾಲ 1,14,300, ಬ್ಯಾಂಕಿನಲ್ಲಿ 22,950, ಕೈಯಲ್ಲಿ 750. ಇದೂ 1,38,000. ಎರಡೂ ಕೂಡಿಬಂದರೆ ವಹಿ ಮತ್ತು ನಗದು ಪುಸ್ತಕ ಒಂದಕ್ಕೊಂದು ಹೊಂದಿವೆ ಎಂದರ್ಥ. ಪಾಸ್‌ಬುಕ್ಕುಗಳು ಹೊಂದಿವೆ ಎಂದಲ್ಲ. ಅದಕ್ಕೆ ಪ್ರತಿಯೊಬ್ಬಳೂ ತನ್ನ ಪಾಸ್‌ಬುಕ್ ತಂದು ಶಿಲ್ಕನ್ನು ಓದಿ ಹೇಳಬೇಕು, ವಹಿಯಲ್ಲಿ ಅದಕ್ಕೆ ಗುರುತು ಹಾಕಬೇಕು. ಎರಡು ಕಡೆಯ ವ್ಯತ್ಯಾಸ 9ರಿಂದ ಭಾಗವಾಗುವಂತಿದ್ದರೆ, ಉದಾಹರಣೆಗೆ 270 ಅಥವಾ 540, ಯಾರೋ ಅಂಕಿ ಹಿಂದುಮುಂದು ಬರೆದಿರುವ ಸಾಧ್ಯತೆ ಹೆಚ್ಚು. 1,250ನ್ನು 1,520 ಎಂದು ಬರೆದರೆ ಬರುವ ಅಂತರ 270.

ಕೊಡುವುದೋ, ಜಮಾ ಮಾಡುವುದೋ

ಪಾಲು ಗೊತ್ತಾದ ಮೇಲೆ ಅದನ್ನು ನಗದಾಗಿ ಬಟವಾಡೆ ಮಾಡುವುದು ಒಂದು ದಾರಿ, ಸದಸ್ಯೆಯ ಉಳಿತಾಯಕ್ಕೇ ಜಮಾ ಮಾಡುವುದು ಇನ್ನೊಂದು. ಜಮಾ ಮಾಡಿದರೆ ಏಪ್ರಿಲ್‌ನಿಂದ ಆ ಹಣವೂ ರೂಪಾಯಿ-ತಿಂಗಳಿನಲ್ಲಿ ಸೇರುತ್ತದೆ. ತಪ್ಪದೆ ಕಟ್ಟಿದವಳ ಆರಂಭದ ಶಿಲ್ಕು 8,400ರ ಬದಲು 9,748 ಆಗುತ್ತದೆ. ಬ್ಯಾಂಕ್ ಸಾಲದ ದೃಷ್ಟಿಯಿಂದಲೂ ಇದರಲ್ಲಿ ಲಾಭವಿದೆ. ಜೀವನೋಪಾಯ ಅಭಿಯಾನದ ಸಂಘಗಳಿಗೆ ಬ್ಯಾಂಕಿನ ಮೊದಲ ಹಂತದ ಸಾಲ ಸಂಘದ ಮೂಲನಿಧಿಯ ಆರು ಪಟ್ಟು ಅಥವಾ 1.5 ಲಕ್ಷ ರೂಪಾಯಿ, ಯಾವುದು ಹೆಚ್ಚೋ ಅದು. ಆ ಮೂಲನಿಧಿಯಲ್ಲಿ ಉಳಿತಾಯ, ಸುತ್ತುನಿಧಿಯ ಜೊತೆ ಸಾಲದಿಂದ ಬಂದ ಬಡ್ಡಿಯೂ ಸೇರುತ್ತದೆ. 14,391 ರೂಪಾಯಿಯನ್ನು ಯುಗಾದಿಗೆಂದು ಹಂಚಿಬಿಟ್ಟರೆ ಆ ಲೆಕ್ಕದಲ್ಲಿ ಎಂಬತ್ತು ಸಾವಿರಕ್ಕೂ ಮಿಕ್ಕಿದ ಅರ್ಹತೆ ಕರಗುತ್ತದೆ. ಹಾಗೆಂದು ಹಂಚಲೇಬಾರದೆಂದಲ್ಲ. ಹತ್ತು ವರ್ಷ ಕಟ್ಟಿದರೂ ಕೈಗೆ ಏನೂ ಕಾಣದ ಸದಸ್ಯೆ ಸಂಘ ಬಿಡುತ್ತಾಳೆ. ಪಾಲನ್ನು ಪಾಸ್‌ಬುಕ್ಕಿನಲ್ಲಿ ಅವಳ ಹೆಸರಿಗೆ ಬರೆದು ತೋರಿಸಿ, ಬೇಕೆಂದವರಿಗೆ ಅರ್ಧ ನಗದು ಕೊಡುವ ಮಧ್ಯದ ದಾರಿ ಹೆಚ್ಚು ಬಾಳಿಕೆ ಬರುವಂಥದು.

ವರ್ಷದ ನಡುವೆ ಬಿಟ್ಟು ಹೋಗುವವಳ ಲೆಕ್ಕ ಸ್ವಲ್ಪ ತೊಡಕಿನದು. ಆ ವರ್ಷದ ದರ ಇನ್ನೂ ಗೊತ್ತಾಗಿರುವುದಿಲ್ಲ. ಹಿಂದಿನ ವರ್ಷದ ದರದಲ್ಲಿ ಅವಳ ರೂಪಾಯಿ-ತಿಂಗಳಿಗೆ ಬಡ್ಡಿ ಕೊಟ್ಟು ಮುಗಿಸುವುದು ಒಂದು ರೀತಿ. ಈಗ ಉಳಿತಾಯವನ್ನಷ್ಟೇ ಕೊಟ್ಟು, ಮಾರ್ಚ್ ಮುಗಿದ ಮೇಲೆ ಪಾಲು ಕಳಿಸುವುದು ಇನ್ನೊಂದು. ಎರಡನೆಯದರಲ್ಲಿ ಅವಳ ಪುಟವನ್ನು ಮುಚ್ಚದೆ ಬಿಡಬೇಕು, ಅವಳ ರೂಪಾಯಿ-ತಿಂಗಳನ್ನು ಒಟ್ಟಿನಲ್ಲಿ ಸೇರಿಸಿಕೊಳ್ಳಬೇಕು. ಅವಳು ಬಿಟ್ಟಳೆಂದು ಹೆಸರಿಗೆ ಅಡ್ಡಗೆರೆ ಎಳೆದರೆ ಅವಳ ಹಣ ದುಡಿದ ತಿಂಗಳುಗಳ ಬಡ್ಡಿ ಉಳಿದವರಲ್ಲಿ ಹಂಚಿಹೋಗುತ್ತದೆ. ಅವಳಿಗೆ ಸಾಲ ಬಾಕಿ ಇದ್ದರೆ ಅದನ್ನು ಅವಳ ಉಳಿತಾಯ ಮತ್ತು ಪಾಲಿನಿಂದ ಮುರಿದುಕೊಳ್ಳಬಹುದು. ಹಾಗೆ ಮುರಿದುಕೊಂಡ ಮೊತ್ತವನ್ನು ನಗದು ಪುಸ್ತಕದ ಜಮಾ, ಖರ್ಚು ಎರಡೂ ಕಡೆ ಬರೆಯಬೇಕು.